ಎಳ್ಳು-ಬೆಲ್ಲದ ಪೊಟ್ಟಣಕ್ಕೆ ನಾಲ್ಕು ಸಾಲು

ಸಂಕ್ರಾಂತಿಗೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಎಳ್ಳು-ಬೆಲ್ಲ ತಲುಪಿಸುವ ಅಂಗಡಿಯೊಂದು ಜಾಹೀರಾತು ಬರೆಸುತ್ತದೆ ಎಂದುಕೊಳ್ಳಿ. 'ನಿಮ್ಮ ಮೊಮ್ಮಗಳಿಗೆ ಸಂಕ್ರಾಂತಿ ಅಂದರೇನು ಅಂತ ಗೊತ್ತಾ?' ಎಂದು ಬರೆಯುವುದು ಸುಲಭ. ಮೈಸೂರಿನ ಅಜ್ಜಿಗೆ ಕರುಳು ಚುರ್ ಎನ್ನುತ್ತದೆ, ಪೊಟ್ಟಣವೂ ಮಾರಾಟವಾಗುತ್ತದೆ. ಆದರೆ ಆ ಸಾಲಿನಲ್ಲಿ ಪೊಟ್ಟಣದ ಸುದ್ದಿಯೇ ಇಲ್ಲ; ಅದನ್ನೇ ಇಟ್ಟುಕೊಂಡು ಸೀರೆಯನ್ನೂ ಮಾರಬಹುದು. ಈ ಕೆಲಸದಲ್ಲಿ ಪಳಗಿದವರು ನೆನಪನ್ನು ಸರಕಿನೊಳಗೇ ಹುಡುಕುತ್ತಾರೆ.

ಅದಕ್ಕಾಗಿ ಅವರು ಮೊದಲು ಸರಕು ತಯಾರಾಗುವ ಜಾಗಕ್ಕೆ ಹೋಗಿ ಕೂರುತ್ತಾರೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದು, ಅಚ್ಚು ಬೆಲ್ಲವನ್ನು ಚೂರು ಮಾಡಿ ಬಿಸಿಲಿಗೆ ಹರಡುವುದು, ಹುರಿದ ಕಡಲೆಕಾಯಿ ಬೀಜದ ಹೊಟ್ಟು ಕೇರುವುದು ಎಲ್ಲವನ್ನೂ ನೋಡುತ್ತಾರೆ. ಬೆಲ್ಲ ತೇವ ಎಳೆದುಕೊಂಡರೆ ದಾರಿಯಲ್ಲೇ ಎಳ್ಳೆಲ್ಲ ಅಂಟಿ ಮುದ್ದೆಯಾಗುತ್ತದೆ ಎಂದು ಅಲ್ಲಿನವರು ಒಂದೊಂದನ್ನೂ ಬೇರೆಯಾಗಿಯೇ ಕಟ್ಟುತ್ತಾರೆ. ಜಾಣ ಬರಹಗಾರರಿಗೆ ಸಾಲು ಸಿಗುವುದು ಅಲ್ಲೇ:

'ಬೆಲ್ಲ, ಕೊಬ್ಬರಿ, ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ ಬೇರೆ ಬೇರೆ ಪೊಟ್ಟಣದಲ್ಲಿವೆ. ಬೆರೆಸುವ ಕೆಲಸ ನಿಮ್ಮ ಮೊಮ್ಮಗಳಿಗೆ ಬಿಟ್ಟಿದ್ದೇವೆ.'

ಎಂಥ ಚೆಂದ ನೋಡಿ! ಪ್ಯಾಕಿಂಗಿನ ಕಾರಣವೇ ನೆನಪಿನ ಬಾಗಿಲು ತೆರೆಯಿತು. ದೊಡ್ಡ ಪಾತ್ರೆಯ ಸುತ್ತ ಕೂತು ಬೆರೆಸುತ್ತಾ ಒಂದೊಂದೇ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಿದ್ದು ಓದುವವರಿಗೆ ತಾನಾಗಿಯೇ ನೆನಪಾಗುತ್ತದೆ, 'ನೆನಪಿದೆಯಾ?' ಎಂದು ಕೇಳಬೇಕಾಗಿಲ್ಲ. ಪರೀಕ್ಷೆಯೂ ಸರಳ. ಭಾವ ಹುಟ್ಟಿಸುವ ಮಾತನ್ನು ಹೊಡೆದುಹಾಕಿದರೂ ಉಳಿದದ್ದು ನಿಜವಾಗಿ, ಕೊಳ್ಳುವವರಿಗೆ ಉಪಯೋಗವಾಗುವಂತೆ ನಿಲ್ಲಬೇಕು. ಇಲ್ಲಿ ನಿಲ್ಲುತ್ತದೆ.

ಯಂತ್ರದಲ್ಲಿ ಕತ್ತರಿಸಿದ ಕೊಬ್ಬರಿಗೆ 'ಅಜ್ಜಿಯ ಕೈಯ' ಎಂಬ ಮಾತು ಸಲ್ಲದು. ಚಿತ್ರದಲ್ಲಿ ಕಬ್ಬಿನ ಜಲ್ಲೆ ನಿಲ್ಲಿಸುವುದೂ ತಪ್ಪು, ಏಕೆಂದರೆ ಹಸಿ ಕಬ್ಬನ್ನು ಅಮೆರಿಕದೊಳಕ್ಕೆ ಬಿಡುವುದಿಲ್ಲ. 'ಕಬ್ಬು ಅಲ್ಲಿಯೇ ಕೊಳ್ಳಬೇಕು' ಎಂದು ಬರೆದುಬಿಟ್ಟರೆ ಉಳಿದ ಮಾತಿಗೂ ತೂಕ ಬರುತ್ತದೆ. ಅಲ್ಲಿ 2023ರಿಂದ ಎಳ್ಳೂ ಅಲರ್ಜಿಯ ಪಟ್ಟಿಗೆ ಸೇರಿದೆ, ಕಡಲೆಕಾಯಿ ಮೊದಲೇ ಇತ್ತು. ಎರಡನ್ನೂ ಚೀಟಿಯಲ್ಲಿ ಎದ್ದು ಕಾಣುವಂತೆ ಹಾಕಬೇಕು. ಇನ್ನು, ಯಾರ ನೆನಪು ಎಂಬುದನ್ನೂ ಕೇಳಿ ತಿಳಿಯಬೇಕು. ಧಾರವಾಡದ ಕಡೆಯವರ ಮನಸ್ಸು ಕುಸುರೆಳ್ಳಿನ ಮೇಲಿರುತ್ತದೆ. ಅವರಿಗೆ ಮೈಸೂರಿನ ಸಕ್ಕರೆ ಅಚ್ಚಿನ ಗಿಳಿ ತೋರಿಸಿ 'ನಿಮ್ಮ ಬಾಲ್ಯ' ಎಂದರೆ ಪರಕೀಯವಾಗಿ ಕೇಳಿಸೀತು.

ಕೈ ಜಾರುವುದು ಕೊನೆಯ ಸಾಲಿನಲ್ಲಿ. 'ಇಂದೇ ಆರ್ಡರ್ ಮಾಡದಿದ್ದರೆ ಈ ಸಲ ಅವರಿಗೆ ಹಬ್ಬವೇ ಇಲ್ಲ' ಎಂದು ಹೆದರಿಸುವ ಆಸೆ ಹುಟ್ಟುತ್ತದೆ. ಕ್ರಿಸ್‌ಮಸ್, ಹೊಸ ವರ್ಷದ ಸಮಯದಲ್ಲಿ ಕೊರಿಯರ್ ನಿಧಾನವಾಗುವುದು ನಿಜ. ಆ ಕಾರಣವನ್ನೇ ಹೇಳಿ, ಕೊನೆಯ ದಿನಾಂಕ ಕೊಟ್ಟು, ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದರಾಯಿತು: 'ತಡವಾದರೆ ಚಿಂತೆ ಬೇಡ, ಎಷ್ಟೋ ಮನೆಗಳಲ್ಲಿ ರಥಸಪ್ತಮಿಯವರೆಗೂ ಎಳ್ಳು ಬೀರುತ್ತಾರೆ.'