ರಿಪೋರ್ಟ್ ನಾರ್ಮಲ್, ಗದ್ದಲದಲ್ಲಿ ಮಾತ್ರ ಮಾತು ತಿಳಿಯದು

ಕಿವಿಯ ಪರೀಕ್ಷೆ ಮಾಡಿಸಿಕೊಂಡು "ಏನೂ ತೊಂದರೆ ಇಲ್ಲ, ಎಲ್ಲ ನಾರ್ಮಲ್" ಎಂಬ ಮಾತು ಕೇಳಿ ಹೊರಬರುವವರಲ್ಲಿ ಕೆಲವರಿಗೆ ಆ ಮಾತಿನಿಂದ ನೆಮ್ಮದಿ ಸಿಗುವುದಿಲ್ಲ. ಮನೆಯಲ್ಲಿ ಒಬ್ಬರೊಡನೆ ಮಾತಾಡುವಾಗ ಅವರಿಗೆ ಪಿಸುಮಾತೂ ತಿಳಿಯುತ್ತದೆ. ಮದುವೆಯ ಊಟದ ಪಂಕ್ತಿಯಲ್ಲಿ ಕೂತರೆ ಪಕ್ಕದವರ ದನಿ ಕೇಳಿಸುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ. ಬಸ್ ನಿಲ್ದಾಣ, ಹೋಟೆಲು, ನಾಲ್ಕು ಜನ ಒಟ್ಟಿಗೆ ಮಾತಾಡುವ ಮೀಟಿಂಗು, ಎಲ್ಲೆಡೆ ಇದೇ ಪಾಡು. ಸುಮ್ಮನೆ ತಲೆಯಾಡಿಸಿ, ನಕ್ಕು, ಸಂಜೆಯ ಹೊತ್ತಿಗೆ ಬಸವಳಿದು ಹೋಗುತ್ತಾರೆ. ಮನೆಯವರು "ನಿನಗೆ ಲಕ್ಷ್ಯವೇ ಇಲ್ಲ" ಎನ್ನುತ್ತಾರೆ. ಈ ತೊಂದರೆ ನಿಜವಾದದ್ದು ಮತ್ತು ಅಳೆಯಲು ಬರುವಂಥದ್ದು. ಆದರೆ ಮಾಮೂಲಿ ಪರೀಕ್ಷೆ ಅಳೆಯುವುದು ಬೇರೆಯದನ್ನು.

ಆಡಿಯೋಗ್ರಾಂ ಎಂದು ನಮ್ಮ ಕೈಗೆ ಕೊಡುವ ಆ ಗ್ರಾಫನ್ನು ಹೇಗೆ ತಯಾರಿಸುತ್ತಾರೆ ನೋಡಿ. ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಕಿವಿಗೆ 'ಬೀಪ್' ಎಂಬ ಶುದ್ಧ ಸ್ವರ ಕೇಳಿಸುತ್ತಾರೆ. 250 ಹರ್ಟ್ಝ್‌ನ ತಗ್ಗು ಸ್ವರದಿಂದ 8000 ಹರ್ಟ್ಝ್‌ನ ಕೀರಲು ಸ್ವರದವರೆಗೆ, ಪ್ರತಿಯೊಂದರಲ್ಲೂ ನಮಗೆ ಕೇಳಿಸುವ ಅತಿ ಮೆಲ್ಲನೆಯ ಮಟ್ಟ ಯಾವುದೆಂದು ಗುರುತು ಹಾಕುತ್ತಾರೆ. ಆ ಮಟ್ಟ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಲೆಕ್ಕದಲ್ಲಿ ಅದು ಸಹಜ ಶ್ರವಣ. ಇದು ಬಹಳ ಉಪಯುಕ್ತ ಪರೀಕ್ಷೆಯೇ. ಆದರೆ ಇದರಲ್ಲಿ ಮಾತು ಇಲ್ಲ, ಗದ್ದಲವೂ ಇಲ್ಲ. ಎರಡು ಕಿವಿಗಳು ಒಟ್ಟಿಗೆ ಮಾಡಬೇಕಾದ ಕೆಲಸವೂ ಇಲ್ಲ. ಮದುವೆ ಮನೆಯಲ್ಲಿ ಬೇಕಾಗುವುದು ಈ ಮೂರೂ.

ಇಂಥವರು ಹೇಳಿಕೊಳ್ಳುವುದನ್ನೆಲ್ಲ ಸೇರಿಸಿ ಒಂದು ಉದಾಹರಣೆ ಕಟ್ಟೋಣ. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುವ 38 ವರ್ಷದ ಮಹಿಳೆ. ಕಿವಿತಮಟೆ ಚೆನ್ನಾಗಿದೆ, ಗುಗ್ಗೆ ಇಲ್ಲ, ಆಡಿಯೋಗ್ರಾಂ ನಾರ್ಮಲ್. ಆಡಿಯಾಲಜಿಸ್ಟ್ ಅಲ್ಲಿಗೇ ನಿಲ್ಲಿಸದೆ ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆ ಮಾಡುತ್ತಾರೆ. ಇದರಲ್ಲಿ ಹೆಸರಾದದ್ದು ಕ್ವಿಕ್‌ಸಿನ್. ಆರು ವಾಕ್ಯಗಳು, ಪ್ರತಿ ವಾಕ್ಯದಲ್ಲಿ ಐದು ಮುಖ್ಯ ಪದಗಳು. ಹಿಂದೆ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿರುವ ಸದ್ದು. ಮೊದಲ ವಾಕ್ಯ ಆ ಗದ್ದಲಕ್ಕಿಂತ 25 ಡೆಸಿಬೆಲ್ ಮೇಲಿರುತ್ತದೆ. ವಾಕ್ಯದಿಂದ ವಾಕ್ಯಕ್ಕೆ ಐದೈದು ಡೆಸಿಬೆಲ್ ಅಂತರ ಇಳಿಯುತ್ತ, ಕೊನೆಯದರಲ್ಲಿ ಮಾತೂ ಗದ್ದಲವೂ ಸಮಸಮ. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು.

ನಮ್ಮ ಬ್ಯಾಂಕ್ ಉದ್ಯೋಗಿ ಮೊದಲೆರಡು ವಾಕ್ಯಗಳಲ್ಲಿ ಐದಕ್ಕೆ ಐದೂ ಪದ ಹೇಳುತ್ತಾರೆ. ಮೂರನೆಯದರಲ್ಲಿ ನಾಲ್ಕು, ನಾಲ್ಕನೆಯದರಲ್ಲಿ ಎರಡು, ಐದನೆಯದರಲ್ಲಿ ಒಂದು, ಕೊನೆಯದರಲ್ಲಿ ಒಂದೂ ಇಲ್ಲ. ಒಟ್ಟು 17. ಈ ಮೊತ್ತವನ್ನು 25.5ರಿಂದ ಕಳೆಯುವುದು ಪರೀಕ್ಷೆಯ ನಿಯಮ; ಉಳಿದದ್ದು 8.5. ಸಹಜವಾಗಿ ಕೇಳುವವರಲ್ಲಿ ಇದು 3ರೊಳಗೆ ಇರುತ್ತದೆ. ಬೇರೆಯವರಿಗೆ ಅರ್ಧದಷ್ಟು ಪದ ತಿಳಿಯುವ ಗದ್ದಲದಲ್ಲಿ ಇವರಿಗೂ ಅಷ್ಟೇ ತಿಳಿಯಬೇಕಾದರೆ ಮಾತು ಇನ್ನೂ 8.5 ಡೆಸಿಬೆಲ್ ಮೇಲೇಳಬೇಕು ಎಂದು ಇದರ ಅರ್ಥ.

ಈ 8.5 ಅನ್ನು ದೂರಕ್ಕೆ ತಂದರೆ ಚೆನ್ನಾಗಿ ಮನದಟ್ಟಾಗುತ್ತದೆ. ಬಯಲಿನಲ್ಲಿ ಮಾತಾಡುವವರ ಮತ್ತು ಕೇಳುವವರ ನಡುವಿನ ದೂರ ಅರ್ಧವಾದರೆ ಮಾತು 6 ಡೆಸಿಬೆಲ್ ಏರುತ್ತದೆ. ಹಾಗಾಗಿ ಉಳಿದವರು ಒಂದು ಮೀಟರ್ ದೂರದಿಂದ ಹಿಡಿಯುವ ಮಾತನ್ನು ಇವರು ಹಿಡಿಯಬೇಕಾದರೆ ಮಾತಾಡುವವರು 38 ಸೆಂಟಿಮೀಟರ್‌ಗೆ, ಅಂದರೆ ಒಂದು ಮೊಳಕ್ಕಿಂತಲೂ ಹತ್ತಿರಕ್ಕೆ ಬರಬೇಕು. ಗಾಜಿನ ಆಚೆ ನಿಂತ ಗ್ರಾಹಕ ಅಷ್ಟು ಹತ್ತಿರ ಬರಲಾರ. ಕಲ್ಯಾಣ ಮಂಟಪದಲ್ಲಿ ಸ್ಥಿತಿ ಇನ್ನೂ ಕಷ್ಟ. ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಚಾವಣಿ ಸದ್ದನ್ನು ಹೀರದೆ ತಿರುಗಿಸಿ ಕಳಿಸುತ್ತವೆ. ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತದೆ, ಹತ್ತಿರ ಸರಿದರೂ ಲೆಕ್ಕದಲ್ಲಿ ಸಿಗಬೇಕಾದಷ್ಟು ಲಾಭ ಸಿಗುವುದಿಲ್ಲ.

ಪರೀಕ್ಷೆ ಯಾವ ಭಾಷೆಯಲ್ಲಿದೆ ಎಂಬುದನ್ನು ಕಡೆಗಣಿಸಬಾರದು. ಕನ್ನಡದಲ್ಲೇ ಬೆಳೆದವರಿಗೆ ಅಮೆರಿಕದ ಉಚ್ಚಾರಣೆಯ ಇಂಗ್ಲಿಷ್ ವಾಕ್ಯ ಕೇಳಿಸಿದರೆ, ಕಡಿಮೆ ಅಂಕಕ್ಕೆ ಕಾರಣ ಕಿವಿಯೋ ಭಾಷೆಯೋ ಹೇಳಲಾಗದು. ನಮಗೆ ಗೊತ್ತಿರುವ ಭಾಷೆಯಲ್ಲಿ ಅರ್ಧ ಕೇಳಿದ ಪದವನ್ನು ಮನಸ್ಸು ಪೂರ್ತಿ ಮಾಡಿಕೊಳ್ಳುತ್ತದೆ. ಅರೆಬರೆ ಗೊತ್ತಿರುವ ಭಾಷೆಯಲ್ಲಿ ಆ ನೆರವು ಇಲ್ಲ. ಮೇಲಿನ ಲೆಕ್ಕಕ್ಕೆ ಇಂಗ್ಲಿಷ್ ಪರೀಕ್ಷೆಯ ಅಂಕಪದ್ಧತಿಯನ್ನು ಬಳಸಿದ್ದೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ನಮ್ಮವರು ಆಯಿಷ್ ಎಂದು ಕರೆಯುವ ಸಂಸ್ಥೆಯಲ್ಲಿ, ಕನ್ನಡ ವಾಕ್ಯಗಳ ಇಂಥದೇ ಪರೀಕ್ಷೆಯನ್ನು ರೂಪಿಸಿದ್ದಾರೆ. ಕನ್ನಡ ಮನೆಮಾತಿನವರು ಕೇಳಿ ಪಡೆಯಬೇಕಾದ್ದು ಅದನ್ನು.

ಗದ್ದಲದಲ್ಲಿ ತೊಂದರೆ ಇದೆ ಎಂಬುದು ಸಾಬೀತಾಯಿತು. ಏಕೆ ಎಂಬುದು ಮುಂದಿನ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಯಾವಾಗಲೂ ಮೆದುಳಿನಲ್ಲೇ ಇರಬೇಕೆಂದಿಲ್ಲ. 8000 ಹರ್ಟ್ಝ್‌ಗಿಂತ ಮೇಲಿನ ಸ್ವರಗಳಲ್ಲಿ ಕಿವಿ ಸೋತಿರಬಹುದು. ಮಾಮೂಲಿ ಗ್ರಾಫು ಅಲ್ಲಿಗೆ ಹೋಗುವುದೇ ಇಲ್ಲ. ಇನ್ನೊಂದು ಸಾಧ್ಯತೆಯನ್ನು ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್‌ನ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್. ಅವರು ಇಲಿಗಳಿಗೆ ಎರಡು ಗಂಟೆ ಕಾಲ 100 ಡೆಸಿಬೆಲ್ ಸದ್ದು ಕೇಳಿಸಿದರು. ಕುಗ್ಗಿದ ಶ್ರವಣ ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಬಂತು. ಆದರೆ ಒಳಗಿವಿಯ ರೋಮಕೋಶ ಮತ್ತು ಶ್ರವಣ ನರ ಕೂಡುವ ಬೆಸುಗೆಗಳಲ್ಲಿ, ಕೆಲವು ಭಾಗದಲ್ಲಿ ಅರ್ಧದಷ್ಟು, ಶಾಶ್ವತವಾಗಿ ಕಳಚಿಹೋಗಿದ್ದವು. 2009ರಲ್ಲಿ ಇದು ಪ್ರಕಟವಾಯಿತು. ಮೆಲ್ಲನೆಯ 'ಬೀಪ್' ಹಿಡಿಯಲು ಉಳಿದ ಎಳೆಗಳು ಸಾಕು. ಗದ್ದಲದಲ್ಲಿ ಮಾತಿನ ಏರಿಳಿತ ಹಿಡಿಯಲು ಸಾಲವು ಎಂಬುದು ಅವರ ವಿವರಣೆ. ಆದರೆ ಬದುಕಿರುವ ಮನುಷ್ಯರ ಕಿವಿಯಲ್ಲಿ ಈ ಬೆಸುಗೆಗಳನ್ನು ಎಣಿಸುವ ಪರೀಕ್ಷೆ ಆಸ್ಪತ್ರೆಗಳಲ್ಲಿ ಇನ್ನೂ ಇಲ್ಲ. ಹಾಗಾಗಿ "ನಿಮಗೆ ಇದೇ ಆಗಿದೆ" ಎಂದು ಖಚಿತವಾಗಿ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ.

ಕಿವಿ ಸರಿಯಿದ್ದೂ ಮೆದುಳಿನ ದಾರಿಯಲ್ಲಿ ಮಾತು ತಡವರಿಸಬಹುದು ಎಂಬ ಅರಿವು ಗಟ್ಟಿಯಾದದ್ದು ಇಟಲಿಯಲ್ಲಿ. 1954ರಲ್ಲಿ ಎತ್ತೋರೆ ಬೊಕ್ಕಾ ಮತ್ತು ಅವರ ಜೊತೆಗಾರರು ಮೆದುಳಿನ ಕಪೋಲ ಭಾಗದಲ್ಲಿ ಗಡ್ಡೆ ಇದ್ದ ರೋಗಿಗಳನ್ನು ಪರೀಕ್ಷಿಸಿದರು. ಅವರ ಆಡಿಯೋಗ್ರಾಂ ಸಹಜವಾಗಿಯೇ ಇತ್ತು. ಆದರೆ ಎತ್ತರದ ಸ್ವರಗಳನ್ನು ತೆಗೆದು ಮಂಕಾಗಿಸಿದ ಮಾತನ್ನು ಕೇಳಿಸಿದಾಗ ಗಡ್ಡೆಯ ಎದುರು ಬದಿಯ ಕಿವಿ ಸೋತಿತು. ಸ್ಪಷ್ಟ ಮಾತಿನಲ್ಲಿ ಸುಳಿವುಗಳು ಬೇಕಾದಷ್ಟಿರುತ್ತವೆ, ದುರ್ಬಲ ದಾರಿಯೂ ಅದರಲ್ಲಿ ಪಾರಾಗುತ್ತದೆ. ಸುಳಿವು ಕಡಿಮೆ ಮಾಡಿದಾಗಲೇ ಕೊರತೆ ಕಾಣುವುದು. ಇಂದಿನ ಶ್ರವಣ ಸಂಸ್ಕರಣಾ ಪರೀಕ್ಷೆಗಳಲ್ಲಿ ಹಲವು ಈ ತತ್ವದ ಮೇಲೆಯೇ ನಿಂತಿವೆ. ಗದ್ದಲದಲ್ಲಿ ಕೇಳಿಸದವರಿಗೆಲ್ಲ ಗಡ್ಡೆ ಇದೆ ಎಂದು ಹೆದರಬೇಕಿಲ್ಲ. ಹೆಚ್ಚಿನವರಿಗೆ ಅಂಥದ್ದೇನೂ ಇರುವುದಿಲ್ಲ.

ನಮ್ಮ ಉದಾಹರಣೆಯ ಮಹಿಳೆಗೆ ಮುಂದೆ ಮಾಡುವುದು ಎರಡು ಕಿವಿಗೂ ಏಕಕಾಲಕ್ಕೆ ಬೇರೆ ಬೇರೆ ಅಂಕಿ ಕೇಳಿಸುವ ಪರೀಕ್ಷೆ. ಬಲಗಿವಿಗೆ 'ಎರಡು, ಒಂಬತ್ತು' ಎನ್ನುವ ಹೊತ್ತಿಗೇ ಎಡಗಿವಿಗೆ 'ಆರು, ಮೂರು'. ನಾಲ್ಕನ್ನೂ ಹೇಳಬೇಕು. ಒಂದು ಕಿವಿಗೆ 40 ಅಂಕಿಗಳಲ್ಲಿ ಬಲಗಿವಿಯಿಂದ ಅವರು 38 ಹೇಳುತ್ತಾರೆ, ಎಡಗಿವಿಯಿಂದ 29. ವಯಸ್ಕರು ಎರಡೂ ಕಿವಿಯಲ್ಲಿ 36ರ ಆಸುಪಾಸು ಅಥವಾ ಹೆಚ್ಚು ಹೇಳಬೇಕು. ಎಡಗಿವಿಯೇ ಏಕೆ ಹಿಂದೆ ಬಿತ್ತು? ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳು ಇರುವುದು ಮೆದುಳಿನ ಎಡ ಅರ್ಧದಲ್ಲಿ. ಬಲಗಿವಿಯ ಸುದ್ದಿ ನೇರವಾಗಿ ಅಲ್ಲಿಗೆ ತಲುಪುತ್ತದೆ. ಎಡಗಿವಿಯದು ಮೊದಲು ಬಲ ಅರ್ಧಕ್ಕೆ ಹೋಗಿ, ಎರಡು ಅರ್ಧಗಳನ್ನು ಕೂಡಿಸುವ ನರಗಳ ದಪ್ಪ ಪಟ್ಟಿಯನ್ನು ದಾಟಿ ಬರಬೇಕು. ಹೆಚ್ಚಿನವರಲ್ಲಿ ಬಲಗಿವಿ ತುಸು ಮುಂದಿರುತ್ತದೆ ಎಂದು ಡೋರೀನ್ ಕಿಮುರಾ 1961ರಲ್ಲೇ ತೋರಿಸಿದ್ದರು. ಇವರಲ್ಲಿ ಆ ಅಂತರ ಸಹಜಕ್ಕಿಂತ ಹೆಚ್ಚು. ಶ್ರವಣ ಸಂಸ್ಕರಣಾ ತೊಂದರೆ ಎಂದರೆ ಇಂಥದ್ದು: ಸದ್ದು ಒಳಕ್ಕೆ ಬರುತ್ತದೆ, ಅದನ್ನು ಬೇರ್ಪಡಿಸಿ, ಹೊಂದಿಸಿ, ಅರ್ಥಕ್ಕೆ ಒಪ್ಪಿಸುವ ಒಂದು ಹಂತ ಕುಂಟುತ್ತದೆ. ಯಾವ ಹಂತ ಎಂಬುದು ಒಬ್ಬೊಬ್ಬರಲ್ಲಿ ಬೇರೆ. ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಕಿವಿ ಸೋರಿದ ಅಥವಾ ಕಿವಿಯೊಳಗೆ ನೀರು ನಿಂತಿದ್ದ ಕೆಲವು ಮಕ್ಕಳಲ್ಲಿ, ಕಿವಿ ವಾಸಿಯಾದ ಮೇಲೂ, ಸದ್ದು ಯಾವ ದಿಕ್ಕಿನದೆಂದು ನೋಡಿ ಒಂದನ್ನು ಆರಿಸಿಕೊಳ್ಳುವ ಶಕ್ತಿ ಕಡಿಮೆ ಉಳಿಯುತ್ತದೆ.

ಈ ಹೆಸರಿನ ಸುತ್ತ ತಜ್ಞರಲ್ಲೇ ವಾದವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2010ರಲ್ಲಿ ಬ್ರಿಟನ್ನಿನ ಡೇವಿಡ್ ಮೂರ್ ಮತ್ತು ಸಂಗಡಿಗರು 6ರಿಂದ 11 ವರ್ಷದ ಸುಮಾರು 1,500 ಮಕ್ಕಳನ್ನು ಪರೀಕ್ಷಿಸಿದಾಗ, ಕೇಳಿ ತಿಳಿಯುವ ಕಷ್ಟಕ್ಕೆ ಹೆಚ್ಚು ನಂಟು ಕಂಡದ್ದು ಗಮನದ ಕೊರತೆಯೊಡನೆ, ಸದ್ದಿನ ಸೂಕ್ಷ್ಮ ಗ್ರಹಿಕೆಯೊಡನೆ ಅಲ್ಲ. ಅಂಕಿ ಹೇಳುವ ಪರೀಕ್ಷೆಗೂ ಗಮನ ಬೇಕು, ನೆನಪು ಬೇಕು. ಅದಕ್ಕೇ ಒಂದೇ ಪರೀಕ್ಷೆಯ ಅಂಕ ನೋಡಿ ಹಣೆಪಟ್ಟಿ ಹಚ್ಚುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳಾದರೆ ಭಾಷೆ, ಓದು, ಗಮನಗಳ ಪರೀಕ್ಷೆಯೂ ಜೊತೆಗೆ ಆಗಬೇಕು. ಏಳು ವರ್ಷದ ಒಳಗಿನವರಲ್ಲಿ ಅಂಕಗಳು ಮಗುವಿನಿಂದ ಮಗುವಿಗೆ ಬಹಳ ಏರುಪೇರಾಗುವುದರಿಂದ ಸಾಮಾನ್ಯವಾಗಿ ಈ ನಿರ್ಣಯ ಕೊಡುವುದಿಲ್ಲ.

ಕೆಲವು ಲಕ್ಷಣಗಳು ಕಂಡರೆ ಮಾತ್ರ ಕಾಯಬಾರದು. ಶ್ರವಣ ಥಟ್ಟನೆ ಕುಗ್ಗಿದರೆ ಅಂದೇ ಇಎನ್‌ಟಿ ವೈದ್ಯರ ಬಳಿ ಹೋಗಬೇಕು. ತೊಂದರೆ ಒಂದೇ ಕಿವಿಯಲ್ಲಿದ್ದರೆ, ಒಂದೇ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ, ನಡೆಯುವಾಗ ತೂಗಾಡಿದಂತಾದರೆ ನರದ ಪರೀಕ್ಷೆ ಬೇಕು. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಎಬಿಆರ್ ಪರೀಕ್ಷೆ ಶ್ರವಣ ನರದ ಸಂದೇಶ ಮೆದುಳಿನ ಕಾಂಡವನ್ನು ಕ್ರಮವಾಗಿ ತಲುಪುತ್ತಿದೆಯೇ ಎಂದು ತೋರಿಸುತ್ತದೆ. ಅಗತ್ಯವಿದ್ದರೆ ವೈದ್ಯರು ಎಂಆರ್‌ಐ ಹೇಳುತ್ತಾರೆ.

ಪರಿಹಾರಗಳಲ್ಲಿ ಎಲ್ಲಕ್ಕಿಂತ ನಂಬಬಹುದಾದದ್ದು ದೂರದ ಲೆಕ್ಕದ್ದೇ. ಮಾತಾಡುವವರ ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸುವ ಚಿಕ್ಕ ಮೈಕು ಅವರ ದನಿಯನ್ನು ನೇರವಾಗಿ ಕೇಳುವವರ ಕಿವಿಗೆ ಕಳಿಸುತ್ತದೆ. ಒಂದು ಮೀಟರ್‌ನಿಂದ 20 ಸೆಂಟಿಮೀಟರ್‌ಗೆ ಬಂದಂತೆ, ಸುಮಾರು 14 ಡೆಸಿಬೆಲ್ ಲಾಭ, 8.5ರ ಕೊರತೆ ಅದರಲ್ಲಿ ತುಂಬಿಹೋಗುತ್ತದೆ. ತರಗತಿಯ ಮಕ್ಕಳಿಗೂ ಮೀಟಿಂಗಿನ ದೊಡ್ಡವರಿಗೂ ಇದು ನೆರವಾಗುತ್ತದೆ. ಹೋಟೆಲಿನಲ್ಲಿ ಅಡುಗೆಮನೆಯ ಸದ್ದಿಗೆ ಬೆನ್ನು ಕೊಟ್ಟು, ಗೋಡೆ ಮೂಲೆಯಲ್ಲಿ, ಎದುರಿನವರ ತುಟಿ ಬೆಳಕಿನಲ್ಲಿ ಕಾಣುವಂತೆ ಕೂರುವುದೂ ಕೆಲಸ ಮಾಡುತ್ತದೆ. ತರಬೇತಿಯ ವಿಷಯದಲ್ಲಿ ನಾನು ಇಷ್ಟು ಧೈರ್ಯದಿಂದ ಹೇಳಲಾರೆ. ಬಲಗಿವಿಯ ಸದ್ದನ್ನು ತಗ್ಗಿಸಿ, ಎಡಗಿವಿ ಪಳಗಿದಂತೆ ಮೆಲ್ಲಮೆಲ್ಲಗೆ ಏರಿಸುವ ಅಭ್ಯಾಸದಿಂದ ಅಂಕಿ ಪರೀಕ್ಷೆಯ ಅಂಕ ಹೆಚ್ಚುವುದುಂಟು. ಆ ಹೆಚ್ಚಳ ಊಟದ ಪಂಕ್ತಿಯವರೆಗೂ ಬಂತೇ ಎಂಬುದು ಬೇರೆ ಪ್ರಶ್ನೆ. ಆದ್ದರಿಂದ ಹಣ ಕಟ್ಟುವ ಮೊದಲೇ ಗದ್ದಲದ ವಾಕ್ಯ ಪರೀಕ್ಷೆಯ ಅಂಕವನ್ನು ಬರೆಸಿಟ್ಟುಕೊಳ್ಳಿ. ತರಬೇತಿ ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಹೊಸ ವಾಕ್ಯಗಳೊಡನೆ ಮತ್ತೆ ಮಾಡಿಸಿ. 8.5 ಇದ್ದದ್ದು 8ರಲ್ಲೇ ನಿಂತಿದ್ದರೆ ಮುಂದಿನ ಕಂತು ಕಟ್ಟುವ ಅಗತ್ಯವಿಲ್ಲ.