ಮೊದಲ ಪ್ರಶ್ನೆ ರೈತರಿಗೆ, ಎಂಜಿನಿಯರಿಗಲ್ಲ

ಕಾಲೇಜಿನ ವಿಚಾರ ಸಂಕಿರಣದಲ್ಲಿ ಗೋಷ್ಠಿಗೆಂದು ಒಂದು ಗಂಟೆ ಇಟ್ಟಿರುತ್ತಾರೆ. ಪ್ರಾರ್ಥನೆ, ದೀಪ, ಶಾಲು, ಉದ್ಘಾಟನಾ ಭಾಷಣ ಮುಗಿಯುವಷ್ಟರಲ್ಲಿ ಅದರಲ್ಲಿ 10 ನಿಮಿಷ ಕರಗಿರುತ್ತದೆ. ಗೋಷ್ಠಿ ನಡೆಸಿಕೊಡುವ ಮಾಡರೇಟರ್ ಮೊದಲೇ 50 ನಿಮಿಷಕ್ಕೆ ಲೆಕ್ಕ ಹಾಕಿಕೊಂಡು ಹೋಗುವುದು ಜಾಣತನ.

ವಿಷಯ ಕೋಲಾರದ ಕೆ.ಸಿ. ವ್ಯಾಲಿ ಯೋಜನೆ ಎಂದಿಟ್ಟುಕೊಳ್ಳೋಣ. ವೇದಿಕೆಯ ಮೇಲೆ ನಾಲ್ವರು: ಸಣ್ಣ ನೀರಾವರಿ ಇಲಾಖೆಯ ಹಿರಿಯ ಎಂಜಿನಿಯರ್, ನೀರಿನ ಗುಣಮಟ್ಟ ಪರೀಕ್ಷಿಸುವ ವಿಜ್ಞಾನಿ, ಕೋಲಾರದ ರೈತ, ಪತ್ರಕರ್ತೆ. ಇವರ ಪದವಿ, ಪ್ರಶಸ್ತಿಗಳೆಲ್ಲ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿವೆ. ಅದನ್ನೇ ಮತ್ತೆ ಓದಿದರೆ ಒಬ್ಬೊಬ್ಬರಿಗೆ 2 ನಿಮಿಷದಂತೆ 8 ನಿಮಿಷ ಹೋಯಿತು. ಹೆಸರು ಮತ್ತು ಈ ವಿಷಯಕ್ಕೂ ಅವರಿಗೂ ಇರುವ ನಂಟು, ಇಷ್ಟು ಹೇಳಿದರೆ ಸಾಕು. ಅದನ್ನೂ ಆರಂಭದಲ್ಲಿ ಒಟ್ಟಿಗೆ ಹೇಳುವ ಬದಲು ಅವರವರ ಸರದಿ ಬಂದಾಗ ಹೇಳಿದರೆ ಸಭಿಕರ ನೆನಪಿನಲ್ಲಿ ಉಳಿಯುತ್ತದೆ.

ಆರಂಭದ ಮಾತು 2 ನಿಮಿಷ ಮೀರಬಾರದು. ಅದು ಹೀಗಿರಬಹುದು: “ಎಲ್ಲರಿಗೂ ನಮಸ್ಕಾರ. ಬೆಂಗಳೂರಿನವರು ಬಳಸಿ ಬಿಟ್ಟ ನೀರು ಎರಡು ಹಂತದಲ್ಲಿ ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ಕೆರೆ ತುಂಬಿದೆ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಆ ನೀರನ್ನು ಕೆರೆಗೆ ಬಿಡಬಹುದೇ ಎಂಬುದು ಇವತ್ತಿನ ಪ್ರಶ್ನೆ. ಈ ನಾಲ್ವರ ಉತ್ತರ ಒಂದೇ ಅಲ್ಲ, ಅದಕ್ಕೇ ಅವರನ್ನು ಕರೆದಿದ್ದೇವೆ. ಮೊದಲ ಅರ್ಧ ಗಂಟೆ ಅವರದು, ಆಮೇಲಿನ 15 ನಿಮಿಷ ನಿಮ್ಮದು. ಪ್ರಶ್ನೆಗಳನ್ನು ಈಗಿನಿಂದಲೇ ಚೀಟಿಯಲ್ಲಿ ಬರೆಯುತ್ತಿರಿ.” ಇದರಲ್ಲಿ ಮಾಡರೇಟರನ ಸ್ವಂತ ಅಭಿಪ್ರಾಯ ಇಲ್ಲ. ‘ಕೊಳಚೆ ನೀರು ಕುಡಿಸುತ್ತಿದ್ದಾರೆ’ ಎಂದೋ ‘ಬರಡು ನೆಲಕ್ಕೆ ಗಂಗೆ ಬಂದಳು’ ಎಂದೋ ಶುರುಮಾಡಿದರೆ ವೇದಿಕೆಯ ಅರ್ಧ ಜನ ಆಗಲೇ ಅವನ ಎದುರಾಳಿಗಳಾಗುತ್ತಾರೆ.

ಇನ್ನು ಮೊದಲ ಪ್ರಶ್ನೆ ಯಾರಿಗೆ? ನಮ್ಮಲ್ಲಿ ಹಿರಿಯರಿಂದ ಶುರುವಾಗಬೇಕೆಂಬ ಸಂಪ್ರದಾಯ. ಆದರೆ ಎಂಜಿನಿಯರಿಂದ ಶುರುಮಾಡಿದರೆ ಯೋಜನೆಯ ಇತಿಹಾಸವೇ ಹತ್ತು ನಿಮಿಷ ತಿನ್ನುತ್ತದೆ. ಮೊದಲು ಮಾತಾಡಿದವರು ತೆಗೆದುಕೊಂಡ ಸಮಯವನ್ನೇ ಉಳಿದವರೂ ತಮ್ಮ ಪಾಲೆಂದು ಭಾವಿಸುತ್ತಾರೆ. ವಿಜ್ಞಾನಿಯ ಆಕ್ಷೇಪದಿಂದ ಶುರುಮಾಡಿದರೆ ಎಂಜಿನಿಯರ್ ಕೊನೆಯವರೆಗೂ ಸಮಜಾಯಿಷಿಯಲ್ಲೇ ಇರುತ್ತಾರೆ. 2018ರಲ್ಲಿ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತಲ್ಲ, ಚರ್ಚೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ರೈತರಿಂದ ಆರಂಭ: “ಕೆರೆ ತುಂಬಿದ ಮೇಲೆ ನಿಮ್ಮ ಬೋರ್‌ವೆಲ್‌ನಲ್ಲಿ ಏನು ಬದಲಾಯಿತು?” ಕಣ್ಣಾರೆ ಕಂಡದ್ದನ್ನು ಹೇಳಲು 3 ನಿಮಿಷ ಸಾಕು, ಅದನ್ನು ಅಲ್ಲಗಳೆಯಲು ಯಾರಿಗೂ ಆಗದು. ಆಮೇಲೆ ಎಂಜಿನಿಯರಿಗೆ: “ಬೆಂಗಳೂರಿನಿಂದ ಹೊರಡುವ ಮುಂಚೆ ಆ ನೀರಿಗೆ ಏನೇನು ಮಾಡುತ್ತೀರಿ?” ನಂತರ ವಿಜ್ಞಾನಿಗೆ: “ಇಷ್ಟಾದ ಮೇಲೂ ನೀರಿನಲ್ಲಿ ಏನು ಉಳಿಯುತ್ತದೆ?” ಸಾರಜನಕ, ರಂಜಕದ ಮಾತು ಈಗ ಬಂದರೆ ವಿದ್ಯಾರ್ಥಿಗಳಿಗೆ ತಲೆ ಬುಡ ಗೊತ್ತಾಗುತ್ತದೆ. ಕೊನೆಗೆ ಪತ್ರಕರ್ತೆಗೆ: “ಊರಿನವರ ದೂರು ಏನು?” ನಾಲ್ವರಿಗೂ ‘ನಿಮ್ಮ ಅಭಿಪ್ರಾಯವೇನು’ ಎಂದು ಒಂದೇ ಪ್ರಶ್ನೆ ಕೇಳುವವರಿದ್ದಾರೆ. ಆಗ ಮೂರನೆಯವರ ಹೊತ್ತಿಗೆ ‘ಈಗಾಗಲೇ ಹೇಳಿದ ಹಾಗೆ’ ಎಂಬ ಮಾತು ಬರುತ್ತದೆ. ಅದು ಕಿವಿಗೆ ಬಿದ್ದರೆ ಪ್ರಶ್ನೆ ಕೆಟ್ಟಿದೆ ಎಂದೇ ಅರ್ಥ.

ಎರಡನೇ ಸುತ್ತಿಗೆ 16 ನಿಮಿಷ. ಭಿನ್ನಮತಕ್ಕೆ ಜಾಗ ಇದೇ. ಇಲ್ಲಿ ಪ್ರಶ್ನೆ ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಹೋಗಬೇಕು: “ಸರ್, ಮೂರನೇ ಹಂತ ಬೇಕೇಬೇಕು ಎಂದು ಮೇಡಂ ಹೇಳಿದರು. ಅದಕ್ಕೆ ಅಡ್ಡಿ ಹಣವೋ, ಜಾಗವೋ, ಅಥವಾ ಅಗತ್ಯವೇ ಇಲ್ಲವೋ?” ಹೀಗೆ ಆಯ್ಕೆಗಳನ್ನು ಮುಂದಿಟ್ಟರೆ ‘ಪರಿಶೀಲಿಸುತ್ತಿದ್ದೇವೆ’ ಎಂದು ಜಾರಿಕೊಳ್ಳುವುದು ಕಷ್ಟ. ಇಂಥ ಪ್ರಶ್ನೆ ಬರಲಿದೆ ಎಂದು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಬೇಕು. ಎಂಜಿನಿಯರಿಗೆ ಅದೇ ಕರೆಯಲ್ಲಿ “ಕೊನೆಯ ಮಾತು ನಿಮ್ಮದು ಸರ್” ಎಂದರೆ ಮೊದಲ ಸರದಿ ತಪ್ಪಿದ ಬೇಸರವೂ ಇರುವುದಿಲ್ಲ.

ಸಭಿಕರ ಸರದಿಯಲ್ಲಿ ಮೈಕು ಮೊದಲು ಅಧ್ಯಾಪಕರ ಸಾಲಿಗೆ ಹೋದರೆ ಪ್ರಶ್ನೆಯ ಬದಲು ಉಪನ್ಯಾಸ ಬರುವ ಸಂಭವ ಹೆಚ್ಚು (ಕ್ಷಮಿಸಿ ಮೇಷ್ಟ್ರೇ). ಚೀಟಿಗಳನ್ನು ಒಟ್ಟುಮಾಡಿ, ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಯನ್ನು ಅವಳ ಬಾಯಲ್ಲೇ ಓದಿಸಿ ಶುರುಮಾಡಿದರೆ ಉಳಿದವರ ಕೈಗಳೂ ಮೇಲೇಳುತ್ತವೆ.

ಉಳಿಯುವುದು ನಾಲ್ಕೈದು ನಿಮಿಷ. ಆಗ “ಕೊನೆಯದಾಗಿ ಏನಾದರೂ ಹೇಳುತ್ತೀರಾ?” ಎಂದರೆ ಭಾಷಣ ಮತ್ತೆ ಶುರುವಾಗುತ್ತದೆ. “ಮುಂದಿನ ಒಂದು ವರ್ಷದಲ್ಲಿ ಈ ಕೆರೆಗಳಲ್ಲಿ ಯಾವ ಒಂದು ಕೆಲಸ ಆಗಬೇಕು? ಒಂದೇ ವಾಕ್ಯ” ಎಂದು ಕೇಳಿ, ರೈತರಿಂದ ಶುರುಮಾಡಿ ಎಂಜಿನಿಯರಲ್ಲಿ ಮುಗಿಸಿ, ಮೈಕನ್ನು ವಂದನಾರ್ಪಣೆಯವರ ಕೈಗೆ ಕೊಡುವುದು.