ಮೊದಲ ಕಾದಂಬರಿ: ನಿರೂಪಕನ ನೆಲೆ ಮತ್ತು ಕ್ರಿಯಾಪದದ ಕಾಲ

ಶಾಂತಿನಾಥ ದೇಸಾಯಿಯವರು ತಮ್ಮ ಮೊದಲ ಕಾದಂಬರಿ ‘ಮುಕ್ತಿ’ಯಲ್ಲಿ (1961) ಉತ್ತಮ ಪುರುಷ ನಿರೂಪಣೆಯನ್ನು ಆಯ್ದುಕೊಂಡರು. ಯು.ಆರ್. ಅನಂತಮೂರ್ತಿಯವರು ‘ಸಂಸ್ಕಾರ’ದಲ್ಲಿ (1965) ಪ್ರಥಮ ಪುರುಷವನ್ನು ಆಯ್ದರು. ಈ ಆಯ್ಕೆಯನ್ನು ಕೇವಲ ತಂತ್ರದ ಪ್ರಶ್ನೆಯೆಂದು ಪರಿಗಣಿಸುವುದು ವಾಡಿಕೆ. ಆದರೆ ಕನ್ನಡದಲ್ಲಿ ಕ್ರಿಯಾಪದದ ಪ್ರತ್ಯಯವೇ ನಿರೂಪಕನ ನಿಲುವನ್ನು ಬಯಲು ಮಾಡುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಒಂದು ಸನ್ನಿವೇಶದ ಮೂಲಕ ಪರಿಶೀಲಿಸುತ್ತದೆ.

ಚಿಂತಾಮಣಿಯ ಕಡೆಯ ರೈತನೊಬ್ಬ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುತ್ತಾನೆ. ಹರಾಜಿನಲ್ಲಿ ನಿರೀಕ್ಷಿಸಿದ ಬೆಲೆ ಸಿಗುವುದಿಲ್ಲ. ಕಾದಂಬರಿಯ ಮೊದಲ ಪುಟ ಇದೆಂದು ಭಾವಿಸೋಣ. ‘ರೈತ ಬಂದ, ಸಾಹುಕಾರರು ಬಂದರು’ ಎಂದು ಬರೆದೊಡನೆ ಮಾರುಕಟ್ಟೆಯ ಮೇಲುಕೀಳು ನಿರೂಪಕನದೂ ಆಗುತ್ತದೆ. ಓದುಗನು ಅರಿವಿಲ್ಲದೆಯೇ ಅದನ್ನು ಒಪ್ಪಿಕೊಳ್ಳುತ್ತಾನೆ. ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರಿಗೆ ಗೌರವಸೂಚಕ ಬಹುವಚನವೂ ನಾರಣಪ್ಪನಿಗೆ ಏಕವಚನವೂ ಬಳಕೆಯಾಗಿರುವುದನ್ನು ಇಲ್ಲಿ ನೆನೆಯಬಹುದು. ಆ ವ್ಯತ್ಯಾಸದಲ್ಲಿ ಅಗ್ರಹಾರದ ಕಣ್ಣೂ ಸೇರಿದೆ.

ಪ್ರಥಮ ಪುರುಷದಲ್ಲಿದ್ದುಕೊಂಡೇ ಪಾತ್ರದ ಒಳಗನ್ನು ಪ್ರವೇಶಿಸಲು ಕನ್ನಡಕ್ಕೆ ‘ತಾನು’ ಎಂಬ ಸಾಧನವಿದೆ. ‘ಅವನ ಗೂಡಿಗೆ ಇಷ್ಟೇ ಬೆಲೆ’ ಎಂಬುದು ನಿರೂಪಕನ ವರದಿ. ‘ತನ್ನ ಗೂಡಿಗೆ ಇಷ್ಟೇ ಬೆಲೆಯೇ?’ ಎಂಬುದು ರೈತನ ಸಂಕಟ. ಒಂದೇ ದೃಶ್ಯದಲ್ಲಿ ರೈತನಿಗೂ ರೀಲರಿಗೂ ‘ತಾನು’ ಬಳಸಿದರೆ ಯಾರ ಮನಸ್ಸೆಂಬುದು ಕಲಸಿಹೋಗುತ್ತದೆ. ಅನನುಭವಿ ಹಸ್ತಪ್ರತಿಯಲ್ಲಿ ಈ ದೋಷವನ್ನು ಸುಲಭವಾಗಿ ಗುರುತಿಸಬಹುದು.

‘ನಾನು ಬಂದೆ’ ಎಂಬ ರೂಪದಲ್ಲಿ ಲಿಂಗಸೂಚನೆಯಿಲ್ಲ. ಗೂಡು ತಂದವಳು ಹೆಣ್ಣೆಂಬುದು ಬೇರೊಬ್ಬರು ಅವಳನ್ನು ‘ಏನಮ್ಮಾ’ ಎಂದು ಕರೆಯುವವರೆಗೆ ಓದುಗನಿಗೆ ತಿಳಿಯದು. ಇದು ಲಾಭ. ನಷ್ಟವೆಂದರೆ, ಒಂದು ಕಿಲೋ ನೂಲಿಗೆ ಎಷ್ಟು ಗೂಡು ಬೇಕೆಂಬ ರೀಲರನ ಮನಸ್ಸಿನ ಲೆಕ್ಕ ಅವಳಿಗೆ ಕಾಣದು. ಅನ್ಯಾಯವನ್ನು ಅವಳು ಊಹಿಸಬಲ್ಲಳು, ವಿವರಿಸಲಾರಳು. ಲೇಖಕನಿಗೆ ಆ ಲೆಕ್ಕವೇ ಮುಖ್ಯವಾಗಿದ್ದರೆ ‘ನಾನು’ ಸೂಕ್ತವಲ್ಲ.

ಕಾಲದ ವಿಷಯದಲ್ಲಿಯೂ ಅನ್ಯಭಾಷೆಯ ಮಾದರಿ ನೇರವಾಗಿ ಒದಗುವುದಿಲ್ಲ. ‘ಗೂಡು ತರುತ್ತಾನೆ’ ಎಂಬುದು ಈಗ ನಡೆಯುವುದನ್ನೂ ನಿತ್ಯದ ರೂಢಿಯನ್ನೂ ನಾಳೆಯ ಸಂಗತಿಯನ್ನೂ ಸೂಚಿಸಬಲ್ಲದು. ಆದುದರಿಂದ ಇಡೀ ಕಾದಂಬರಿಯನ್ನು ವರ್ತಮಾನದಲ್ಲಿ ಬರೆದಾಗ ಆ ಒಂದು ದಿನದ ಸೋಲು ಎಲ್ಲ ದಿನಗಳ ವಾಡಿಕೆಯಂತೆ ತೋರುತ್ತದೆ. ‘ತರುತ್ತಿದ್ದಾನೆ’ ಎಂದರೆ ಕ್ಷಣ ಖಚಿತವಾಗುತ್ತದೆ. ಆದರೆ ಪ್ರತಿ ವಾಕ್ಯವೂ ‘ಇದ್ದಾನೆ’ ಎಂದು ಮುಗಿದು ಗತಿ ಕುಂಠಿತವಾಗುತ್ತದೆ. ‘ತಂದ’ ಎಂಬ ಭೂತಕಾಲವು ಘಟನೆಯನ್ನು ಮುಗಿದದ್ದಾಗಿಸಿ, ಅದನ್ನು ತೂಗಿ ನೋಡುವ ಅಂತರವನ್ನು ಓದುಗನಿಗೆ ನೀಡುತ್ತದೆ.

ಅದೇ ಪುಟವನ್ನು ಎರಡು ರೂಪಗಳಲ್ಲಿ ಬರೆದು ಹೋಲಿಸುವುದು ಪರೀಕ್ಷೆಯ ಸರಳ ಮಾರ್ಗ. ಸರ್ವನಾಮ ಮತ್ತು ಪ್ರತ್ಯಯಗಳ ಹೊರತು ಬೇರೇನೂ ಬದಲಾಗದಿದ್ದರೆ, ನಿರೂಪಕನ ನೆಲೆ ಇನ್ನೂ ನಿರ್ಧಾರವಾಗಿಲ್ಲವೆಂದೇ ತಿಳಿಯಬೇಕು.